ಕ್ಯಾಂಟೀನ್ ಗುತ್ತಿಗೆಯ ಪ್ರಪೋಸಲ್ ಜೊತೆ ಹೋಗುವ ಕವರಿಂಗ್ ಲೆಟರ್: ಒಂದು ಪುಟವನ್ನು ಸಾಲು ಸಾಲಾಗಿ ಕಟ್ಟುವ ಬಗೆ

ಕಾರ್ಖಾನೆಯೊಂದರ ಕ್ಯಾಂಟೀನ್ ಗುತ್ತಿಗೆಗೆ ಕಳಿಸುವ ಪ್ರಪೋಸಲ್ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ಪುಟ ದಾಟುತ್ತದೆ. ವಾರದ ಮೆನು, ದರಪಟ್ಟಿ, ಸಿಬ್ಬಂದಿ ವಿವರ, ಲೈಸೆನ್ಸ್ ಪ್ರತಿಗಳು, ಷರತ್ತುಗಳು ಎಲ್ಲ ಅದರಲ್ಲಿರುತ್ತವೆ. ಎಚ್‌ಆರ್ ಮ್ಯಾನೇಜರ್ ಅದನ್ನು ಮೊದಲ ದಿನವೇ ಪೂರ್ತಿ ಓದುವುದಿಲ್ಲ. ಮೇಲಿನ ಒಂದು ಪುಟ ಓದಿ, ಪರವಾಗಿಲ್ಲ ಅನ್ನಿಸಿದರೆ ‘ದಯವಿಟ್ಟು ನೋಡಿ’ ಎಂದಷ್ಟೇ ಬರೆದು ಪ್ಲಾಂಟ್ ಹೆಡ್‌ಗೂ ಫೈನಾನ್ಸ್‌ಗೂ ಫಾರ್ವರ್ಡ್ ಮಾಡುತ್ತಾರೆ. ಅಂದರೆ ನಿಮ್ಮ ಮುಖವನ್ನೇ ನೋಡದ ಇಬ್ಬರ ಮುಂದೆ ಆ ಒಂದು ಪುಟ ನಿಮ್ಮ ಪರವಾಗಿ ಮಾತಾಡಬೇಕು. ಕವರಿಂಗ್ ಲೆಟರ್ ಬರೆಯುವಾಗ ಈ ಮೂವರನ್ನೂ ಎದುರಿಗೆ ಕೂರಿಸಿಕೊಂಡಂತೆ ಬರೆಯಬೇಕು. ಎಚ್‌ಆರ್‌ಗೆ ಕಾರ್ಮಿಕರ ದೂರು ನಿಲ್ಲಬೇಕು, ಪ್ಲಾಂಟ್ ಹೆಡ್‌ಗೆ ಪಾಳಿಯ ಸಮಯ ಉಳಿಯಬೇಕು, ಫೈನಾನ್ಸ್‌ಗೆ ತಿಂಗಳ ಮೊತ್ತ ಗೊತ್ತಾಗಬೇಕು.

‘1998ರಲ್ಲಿ ಸ್ಥಾಪನೆಯಾದ ನಮ್ಮ ಸಂಸ್ಥೆಯು ಗುಣಮಟ್ಟಕ್ಕೆ ಹೆಸರಾಗಿದೆ’ ಎಂದು ಶುರುವಾಗುವ ಪತ್ರ ಈ ಮೂವರಲ್ಲಿ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಅದು ಕಂಪನಿ ಪ್ರೊಫೈಲ್‌ನ ಮಾತು, ಪ್ರಪೋಸಲ್‌ನ ಒಳಗೆ ಇರಲಿ.

ಕೆಳಗೆ ಒಂದು ಮಾದರಿ ಸಂದರ್ಭ ಇಟ್ಟುಕೊಂಡು ಪತ್ರವನ್ನು ಕಟ್ಟಿ ತೋರಿಸುತ್ತೇವೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಬಿಡಿಭಾಗ ಕಾರ್ಖಾನೆ, ಒಟ್ಟು 420 ಜನ, ಮೂರು ಪಾಳಿ. ಮಧ್ಯಾಹ್ನದ ಊಟಕ್ಕೆ 180 ಜನ, ಎರಡನೇ ಪಾಳಿಗೆ 150, ರಾತ್ರಿ ಪಾಳಿಗೆ 90. ಊಟದ ಬಿಡುವು 30 ನಿಮಿಷ. ಅಂಕಿಗಳೆಲ್ಲ ಲೆಕ್ಕ ತೋರಿಸಲು ಹಾಕಿಕೊಂಡವು, ನಿಮ್ಮವನ್ನು ಅಲ್ಲಿಗೆ ಇಳಿಸಿಕೊಳ್ಳಿ. ಇಂಥ ಪತ್ರ ಬಹುತೇಕ ಇಂಗ್ಲಿಷಿನಲ್ಲೇ ಹೋಗುತ್ತದೆ. ಆದರೂ ಮೊದಲು ಕನ್ನಡದಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಇಂಗ್ಲಿಷಿನಲ್ಲಿ ಗಂಭೀರವಾಗಿ ಕೇಳಿಸುವ ಪೊಳ್ಳು ವಾಕ್ಯ ಕನ್ನಡಕ್ಕೆ ಇಳಿದ ಕೂಡಲೇ ಪೊಳ್ಳು ಎಂದು ಗೊತ್ತಾಗಿಬಿಡುತ್ತದೆ.

ಬರೆಯುವ ಮುಂಚೆ: ಸ್ಥಳದಲ್ಲಿ ಅರ್ಧ ಗಂಟೆ

ಪತ್ರದ ತೂಕ ನಿಲ್ಲುವುದು ಅಲ್ಲಿಗೆ ಹೋಗಿ ನೋಡಿದ ಒಂದು ಸಂಗತಿಯ ಮೇಲೆ. ಪ್ರಪೋಸಲ್ ಕೊಡುವ ಮುಂಚೆ ‘ಒಮ್ಮೆ ಊಟದ ಹೊತ್ತಿಗೆ ಬಂದು ಕ್ಯಾಂಟೀನ್ ನೋಡಬಹುದೇ’ ಎಂದು ಎಚ್‌ಆರ್ ಅವರನ್ನು ಕೇಳಿ. ಒಳಗೆ ಹೋದಾಗ ಅಡುಗೆ ರುಚಿ ನೋಡುವುದು ಆಮೇಲಿನ ಮಾತು. ಮೊದಲು ಸಾಲು ನೋಡಿ.

ಬಡಿಸುವ ಕೌಂಟರ್ ಪಕ್ಕ ನಿಂತು, ಮೊಬೈಲ್‌ನ ಸ್ಟಾಪ್‌ವಾಚ್ ಒತ್ತಿ, ಇಪ್ಪತ್ತು ತಟ್ಟೆ ದಾಟುವವರೆಗೆ ಎಣಿಸಿ. ಇಪ್ಪತ್ತು ತಟ್ಟೆಗೆ 160 ಸೆಕೆಂಡು ಆಯಿತು ಎಂದಿಟ್ಟುಕೊಳ್ಳಿ, ತಟ್ಟೆಗೆ 8 ಸೆಕೆಂಡು. ಒಂದೇ ಕೌಂಟರ್‌ನಲ್ಲಿ 180 ಜನ ಎಂದರೆ 1,440 ಸೆಕೆಂಡು, ಅಂದರೆ 24 ನಿಮಿಷ. ಸಾಲಿನ ಕೊನೆಯವನಿಗೆ ತಟ್ಟೆ ಕೈಗೆ ಬರುವ ಹೊತ್ತಿಗೆ ಬಿಡುವಿನಲ್ಲಿ ಉಳಿದಿರುವುದು 6 ನಿಮಿಷ. ಅವನು ತಡವಾಗಿ ಮಷೀನಿಗೆ ಹೋಗುತ್ತಾನೆ, ಸೂಪರ್‌ವೈಸರ್ ಕೂಗುತ್ತಾರೆ, ದೂರು ಎಚ್‌ಆರ್ ಮೇಜಿಗೆ ಬರುತ್ತದೆ. ಬಹಳ ಸಲ ‘ಊಟ ಚೆನ್ನಾಗಿಲ್ಲ’ ಎಂದು ದಾಖಲಾಗುವ ದೂರಿನ ಬೇರು ರುಚಿಯಲ್ಲಿ ಇರುವುದಿಲ್ಲ, ಈ ಸಾಲಿನಲ್ಲಿ ಇರುತ್ತದೆ.

ಅಳತೆ ತೆಗೆಯುವಾಗ ಒಂದು ಎಚ್ಚರ. ಬಿಡುವು ಶುರುವಾದ ಕೂಡಲೇ ಎಣಿಸಬೇಡಿ. ಮೊದಲ ಹದಿನೈದು ಇಪ್ಪತ್ತು ತಟ್ಟೆ ಯಾವಾಗಲೂ ಬೇಗ ಹೋಗುತ್ತವೆ, ಏಕೆಂದರೆ ಪಾತ್ರೆಗಳು ತುಂಬಿರುತ್ತವೆ. ಸಾಂಬಾರಿನ ಪಾತ್ರೆ ಬದಲಾಯಿಸುವ ಹೊತ್ತು, ಚಪಾತಿ ಬರಲು ಕಾಯುವ ಹೊತ್ತು ನಡುವೆ ಬರುತ್ತದೆ. ಆರನೇ ಏಳನೇ ನಿಮಿಷದಲ್ಲಿ ಎಣಿಸಿದರೆ ನಿಜ ಸಿಗುತ್ತದೆ.

ಇನ್ನೊಂದು ವಿಷಯವನ್ನೂ ಆಗಲೇ ಕೇಳಿಕೊಂಡು ಬನ್ನಿ: ದರವನ್ನು ಪತ್ರದಲ್ಲಿ ಬರೆಯಬಹುದೇ? ಕೆಲವು ಕಂಪನಿಗಳು ಸರ್ಕಾರಿ ಟೆಂಡರಿನ ಹಾಗೆ ತಾಂತ್ರಿಕ ವಿವರ ಒಂದು ಲಕೋಟೆ, ದರ ಇನ್ನೊಂದು ಲಕೋಟೆ ಎಂದು ಎರಡು ಕವರ್ ಪದ್ಧತಿ ಇಟ್ಟಿರುತ್ತವೆ. ಅಲ್ಲಿ ತಾಂತ್ರಿಕ ಕವರಿನ ಮೇಲಿನ ಪತ್ರದಲ್ಲಿ ದರದ ಒಂದು ಅಂಕಿ ಕಾಣಿಸಿದರೂ ಇಡೀ ಪ್ರಪೋಸಲ್ ತಿರಸ್ಕಾರವಾಗಬಹುದು. ಅಂಥ ಕಡೆ ಪತ್ರದ ನಮೂನೆಯನ್ನೂ ಅವರೇ ಕೊಟ್ಟಿರುತ್ತಾರೆ, ಅದನ್ನು ಅಕ್ಷರ ಬದಲಿಸದೆ ತುಂಬಿ. ಇಲ್ಲಿ ಹೇಳುತ್ತಿರುವುದು ಟೆಂಡರ್ ಇಲ್ಲದೆ ನೇರವಾಗಿ ಖಾಸಗಿ ಕಂಪನಿಗೆ ಕಳಿಸುವ ಪತ್ರದ ವಿಷಯ.

ತಲೆಭಾಗ

ಲೆಟರ್‌ಹೆಡ್‌ನಲ್ಲಿ ಇರಬೇಕಾದ್ದು ಸಂಸ್ಥೆಯ ಹೆಸರು, ವಿಳಾಸ, ಫೋನ್, ಇಮೇಲ್, ಜಿಎಸ್‌ಟಿ ಸಂಖ್ಯೆ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ. ನಿಮ್ಮದು ಪ್ರೈವೇಟ್ ಲಿಮಿಟೆಡ್ ಆದರೆ ನೋಂದಾಯಿತ ಕಚೇರಿಯ ವಿಳಾಸ ಮತ್ತು ಸಿಐಎನ್ ವ್ಯವಹಾರದ ಪತ್ರದ ಮೇಲೆ ಇರಲೇಬೇಕು. 2013ರ ಕಂಪನಿ ಕಾಯ್ದೆಯ 12ನೇ ಕಲಮು ಹಾಗೆ ಹೇಳುತ್ತದೆ. ಉದ್ಯಮ್ ನೋಂದಣಿ ಇದ್ದರೆ ಆ ಸಂಖ್ಯೆಯನ್ನೂ ಇಲ್ಲೇ ಹಾಕಿ. ಅದರಿಂದ ಆಗುವ ಉಪಯೋಗ ಹಣದ ಮಾತು ಬಂದಾಗ ಹೇಳುತ್ತೇವೆ.

ಪತ್ರ ಒಬ್ಬ ವ್ಯಕ್ತಿಯ ಹೆಸರಿಗೆ ಹೋಗಬೇಕು. ‘ಎಚ್‌ಆರ್ ಮ್ಯಾನೇಜರ್ ಅವರಿಗೆ’ ಎಂದಷ್ಟೇ ಇದ್ದರೆ ಮೂವರು ಮ್ಯಾನೇಜರ್‌ಗಳಿರುವ ಕಡೆ ಅದು ಯಾರದ್ದೂ ಅಲ್ಲ. ಹೆಸರಿನ ಕಾಗುಣಿತ, ಹುದ್ದೆ, ಶ್ರೀ ಅಥವಾ ಶ್ರೀಮತಿ, ಇಷ್ಟನ್ನು ಕಂಪನಿಯ ರಿಸೆಪ್ಷನ್‌ಗೆ ಫೋನ್ ಮಾಡಿ ಕೇಳಿದರೆ ಹೇಳುತ್ತಾರೆ. ಸಂದೇಹವಿದ್ದರೆ ಹೆಸರಿನ ಹಿಂದೆ ಏನೂ ಹಾಕದೆ, ಸಂಬೋಧನೆಯಲ್ಲಿ ‘ಮಾನ್ಯರೇ’ ಎಂದರೆ ಸಾಕು.

ವಿಷಯದ ಸಾಲು ಹೀಗಿರಲಿ:

> ವಿಷಯ: ಹೆಬ್ಬಾಳ ಘಟಕದ ಕ್ಯಾಂಟೀನ್ – ಮೂರು ಪಾಳಿ, ದಿನಕ್ಕೆ 420 ಊಟ – ಪ್ರಪೋಸಲ್, ದರ 31 ಜುಲೈ 2026ರವರೆಗೆ

‘ಕ್ಯಾಂಟೀನ್ ಸೇವೆ ಕುರಿತು’ ಎಂದು ಬರೆದರೆ ಮೂರು ವಾರದ ನಂತರ ಆ ಮೇಲ್ ಹುಡುಕಿದರೆ ಸಿಗುವುದಿಲ್ಲ. ಘಟಕದ ಹೆಸರು, ಊಟದ ಸಂಖ್ಯೆ, ದಿನಾಂಕ ಇದ್ದರೆ ಇಮೇಲ್ ಪಟ್ಟಿಯಲ್ಲೇ ಅರ್ಧ ಪತ್ರ ಓದಿದಂತಾಗುತ್ತದೆ.

ಮೊದಲ ಪ್ಯಾರಾ: ಅವರ ಮಾತು

> ಜೂನ್ 11ರಂದು ಮಧ್ಯಾಹ್ನದ ಊಟದ ಹೊತ್ತಿಗೆ ಕ್ಯಾಂಟೀನ್ ನೋಡಲು ಅವಕಾಶ ಕೊಟ್ಟಿದ್ದಕ್ಕೆ ಧನ್ಯವಾದ. ಅಂದು ಒಂದು ಕೌಂಟರ್‌ನಲ್ಲಿ ತಟ್ಟೆಗೆ ಸುಮಾರು 8 ಸೆಕೆಂಡು ಹಿಡಿಯುತ್ತಿತ್ತು. ಈ ವೇಗದಲ್ಲಿ 180 ಜನರಿಗೆ ಬಡಿಸಲು 24 ನಿಮಿಷ ಬೇಕು. 30 ನಿಮಿಷದ ಬಿಡುವಿನಲ್ಲಿ ಕೊನೆಯಲ್ಲಿ ನಿಂತವರಿಗೆ ಉಣ್ಣಲು 6 ನಿಮಿಷ ಉಳಿಯುತ್ತದೆ.

ಇಲ್ಲಿ ಈಗಿನ ಗುತ್ತಿಗೆದಾರರ ಬಗ್ಗೆ ಒಂದು ಮಾತೂ ಇಲ್ಲ ಎಂಬುದನ್ನು ಗಮನಿಸಿ. ‘ಈಗಿನವರ ಅವ್ಯವಸ್ಥೆಯಿಂದ’ ಎಂದು ಬರೆದಿರೋ, ಅವರನ್ನು ಆರಿಸಿದ್ದು ಇದೇ ಪತ್ರ ಓದುತ್ತಿರುವ ಮ್ಯಾನೇಜರ್ ಎಂಬುದನ್ನು ಮರೆತಿದ್ದೀರಿ ಎಂದರ್ಥ. ಆ ಪತ್ರವನ್ನು ಅವರು ತಮ್ಮ ಮೇಲಿನವರಿಗೆ ಫಾರ್ವರ್ಡ್ ಮಾಡುವುದು ಹೇಗೆ? ಕೌಂಟರ್ ಒಂದೇ ಇದೆ ಎಂಬುದು ಜಾಗದ ವಿಷಯ, ಅದರಲ್ಲಿ ಯಾರ ತಪ್ಪೂ ಕಾಣುವುದಿಲ್ಲ. ಹಾಗೇ ಇಡಿ.

‘ಸುಮಾರು’ ಎಂಬ ಪದವೂ ಬೇಕು. ಒಂದು ದಿನದ ಅಳತೆಯನ್ನು ತಿಂಗಳಿಡೀ ನೋಡಿದವರ ಹಾಗೆ ಹೇಳಿದರೆ, ಪ್ಲಾಂಟ್ ಹೆಡ್ ಮರುದಿನ ತಾವೇ ಹೋಗಿ ನಿಂತು 6 ಸೆಕೆಂಡು ಎಣಿಸಿದಾಗ ನಿಮ್ಮ ಉಳಿದ ಅಂಕಿಗಳ ಮೇಲೂ ನಂಬಿಕೆ ಹೋಗುತ್ತದೆ.

ಎರಡನೇ ಪ್ಯಾರಾ: ನೀವು ಮಾಡುವುದು, ಅವರಿಂದ ಬೇಕಾದ್ದು

> ಮಧ್ಯಾಹ್ನ ಎರಡು ಕೌಂಟರ್ ನಡೆಸಿ ಬಡಿಸುವ ಸಮಯವನ್ನು ಸುಮಾರು 12 ನಿಮಿಷಕ್ಕೆ ಇಳಿಸುವುದು ನಮ್ಮ ಯೋಜನೆ. ಇದಕ್ಕಾಗಿ ಬಡಿಸುವವರು ಇಬ್ಬರು, ತಟ್ಟೆ ತೊಳೆಯುವವರು ಒಬ್ಬರು ಹೆಚ್ಚುವರಿಯಾಗಿ ಇರುತ್ತಾರೆ. ಅವರ ಖರ್ಚು ಊಟದ ದರದಲ್ಲೇ ಸೇರಿದೆ. ಕಂಪನಿಯಿಂದ ಬೇಕಾದ್ದು ಪೂರ್ವದ ಗೋಡೆಯ ಪಕ್ಕ ಹತ್ತಡಿ ಜಾಗ ಮತ್ತು ಬೇನ್ ಮರಿ ಟೇಬಲ್‌ಗೆ ಒಂದು 16 ಆಂಪಿಯರ್ ಪಾಯಿಂಟ್ (ಪ್ರಪೋಸಲ್ ಪುಟ 6, ನಕ್ಷೆ).

ತಟ್ಟೆ ತೊಳೆಯುವವರು ಇಲ್ಲಿ ಯಾಕೆ ಬಂದರು? ಕೌಂಟರ್ ಎರಡಾದ ಕೂಡಲೇ ತಟ್ಟೆ ಖಾಲಿಯಾಗುವ ವೇಗವೂ ಎರಡರಷ್ಟಾಗುತ್ತದೆ. ಹಳೆಯ ಸಂಖ್ಯೆಯ ತಟ್ಟೆ, ಹಳೆಯ ಸಂಖ್ಯೆಯ ಜನ ಇಟ್ಟುಕೊಂಡರೆ ಏಳೆಂಟನೇ ನಿಮಿಷಕ್ಕೆ ತಟ್ಟೆಯೇ ಇರುವುದಿಲ್ಲ, ಸಾಲು ಮತ್ತೆ ನಿಲ್ಲುತ್ತದೆ. ಕ್ಯಾಂಟೀನ್ ನಡೆಸಿ ಗೊತ್ತಿರುವ ಪ್ಲಾಂಟ್ ಹೆಡ್ ಮೊದಲು ಕೇಳುವ ಪ್ರಶ್ನೆಯೇ ಇದು. ಅದಕ್ಕೆ ಪತ್ರದಲ್ಲೇ ಚಿಕ್ಕದೊಂದು ಉತ್ತರ ಸಿಕ್ಕರೆ ‘ಇವರಿಗೆ ಕೆಲಸ ಗೊತ್ತು’ ಎಂದು ನೀವು ಹೇಳಿಕೊಳ್ಳಬೇಕಾಗಿಲ್ಲ.

ಅವರಿಂದ ಬೇಕಾದ್ದನ್ನು ಅಡಗಿಸಬೇಡಿ. ವಿದ್ಯುತ್ ಪಾಯಿಂಟ್, ನೀರಿನ ನಲ್ಲಿ, ಸ್ಟೋರ್ ರೂಮಿನ ಬೀಗ, ಇವೆಲ್ಲ ಒಪ್ಪಂದ ಆದಮೇಲೆ ಒಂದೊಂದಾಗಿ ಹೊರಬಂದರೆ ಪ್ರತಿಯೊಂದಕ್ಕೂ ಬೇರೆ ಅನುಮತಿ, ಬೇರೆ ಮುನಿಸು. ದೊಡ್ಡ ಎರಡನ್ನು ಪತ್ರದಲ್ಲಿ ಹೇಳಿ, ಉಳಿದದ್ದಕ್ಕೆ ಪುಟ ಸಂಖ್ಯೆ ಕೊಡಿ.

ಮೂರನೇ ಪ್ಯಾರಾ: ದುಡ್ಡು

ಫೈನಾನ್ಸ್‌ನವರು ಪತ್ರದಲ್ಲಿ ಹುಡುಕುವುದು ಇದನ್ನೇ. ದರ ಊಟಕ್ಕೆ ₹72 ಎಂದಿಟ್ಟುಕೊಳ್ಳೋಣ. ದಿನಕ್ಕೆ 420 ಊಟ, ತಿಂಗಳಿಗೆ 26 ದಿನ, ಒಟ್ಟು 10,920 ಊಟ. ಗುಣಿಸಿದರೆ ₹7,86,240. ಇದರ ಮೇಲೆ ಶೇ 5 ಜಿಎಸ್‌ಟಿ ₹39,312. ಒಟ್ಟು ₹8,25,552. ಬರೇ ‘ಊಟಕ್ಕೆ ₹72’ ಎಂದು ಬರೆದರೆ ಈ ಗುಣಾಕಾರವನ್ನು ಅವರು ಮಾಡಿಕೊಳ್ಳಬೇಕು, ಮತ್ತು ಅವರು ಹಾಕುವ ದಿನಗಳ ಸಂಖ್ಯೆ ನಿಮ್ಮದೇ ಆಗಿರುತ್ತದೆ ಎಂದೇನಿಲ್ಲ. ಮೂವತ್ತು ದಿನ ಹಾಕಿ ಲೆಕ್ಕ ಮಾಡಿದವರಿಗೆ ನೀವು ಲಕ್ಷಕ್ಕೂ ಹೆಚ್ಚು ದುಬಾರಿಯಾಗಿ ಕಾಣುತ್ತೀರಿ.

> ದರ ಊಟಕ್ಕೆ ₹72. ದಿನಕ್ಕೆ 420 ಊಟ, 26 ದಿನದ ಲೆಕ್ಕದಲ್ಲಿ ತಿಂಗಳಿಗೆ ಅಂದಾಜು ₹7,86,240, ಜಿಎಸ್‌ಟಿ ಪ್ರತ್ಯೇಕ. ದಿನಸಿ, ಸಿಲಿಂಡರ್ ಮತ್ತು ಸಿಬ್ಬಂದಿ ನಮ್ಮದು. ನೀರು, ವಿದ್ಯುತ್ ಕಂಪನಿಯದು. ಹಾಜರಾತಿ ಕಡಿಮೆಯಿದ್ದ ದಿನವೂ ಕನಿಷ್ಠ 357 ಊಟಕ್ಕೆ (ಶೇ 85) ಬಿಲ್ ಮಾಡಲಾಗುತ್ತದೆ. ಬಿಲ್ ತಲುಪಿದ 30 ದಿನದೊಳಗೆ ಪಾವತಿ. ದರ 31 ಜುಲೈ 2026ರವರೆಗೆ ಊರ್ಜಿತ.

ಇದರಲ್ಲಿ ಹೆಚ್ಚು ಜನ ಬಿಡುವುದು ಕನಿಷ್ಠ ಊಟದ ಸಾಲು. ಅದು ಕಹಿ ಮಾತು, ಮೊದಲ ಪತ್ರದಲ್ಲಿ ಯಾಕೆ ಎಂದು ಹದಿನೇಳನೇ ಪುಟದ ಷರತ್ತಿನಲ್ಲಿ ಸಣ್ಣ ಅಕ್ಷರದಲ್ಲಿ ಹಾಕುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದು ಪತ್ರದಲ್ಲೇ ಇರಬೇಕು. ಫೈನಾನ್ಸ್‌ನವರು ಹದಿನೇಳನೇ ಪುಟವನ್ನು ಖಂಡಿತ ಓದುತ್ತಾರೆ, ಮತ್ತು ಅಲ್ಲಿ ಅದು ಸಿಕ್ಕಾಗ ಇನ್ನೇನು ಬಚ್ಚಿಟ್ಟಿದ್ದಾರೋ ಎಂದು ಹುಡುಕತೊಡಗುತ್ತಾರೆ. ಮುಂಚೆಯೇ ಹೇಳಿದರೆ ಅದು ಚೌಕಾಸಿಯ ಒಂದು ಅಂಶ ಅಷ್ಟೇ: ಶೇ 85 ಬೇಡ, 80 ಮಾಡಿ ಎನ್ನಬಹುದು. ಅಲ್ಲಿಗೆ ಮಾತುಕತೆ ಶುರುವಾಯಿತು.

ಸಿಲಿಂಡರ್ ಯಾರದ್ದು ಎಂದು ಬರೆಯದೆ ಹೋದರೆ ಮೊದಲ ತಿಂಗಳ ಬಿಲ್ಲಿನಲ್ಲೇ ಜಗಳ. 19 ಕೆಜಿ ವಾಣಿಜ್ಯ ಸಿಲಿಂಡರಿನ ದರ ಸಾಮಾನ್ಯವಾಗಿ ಪ್ರತಿ ತಿಂಗಳ ಮೊದಲ ದಿನ ಬದಲಾಗುತ್ತದೆ, ಎಣ್ಣೆ ಬೇಳೆಯ ದರವೂ ನಿಂತ ಕಡೆ ನಿಲ್ಲುವುದಿಲ್ಲ. ಅದಕ್ಕೇ ದರದ ಅವಧಿಯನ್ನು ಪತ್ರದ ದಿನಾಂಕದಿಂದ 30ರಿಂದ 45 ದಿನಕ್ಕಿಂತ ಉದ್ದ ಕೊಡಬೇಡಿ. ‘45 ದಿನ’ ಎಂದು ಬರೆಯುವ ಬದಲು ಕೊನೆಯ ದಿನಾಂಕವನ್ನೇ ಬರೆಯಿರಿ. ಎಂದಿನಿಂದ 45 ಎಂಬ ಪ್ರಶ್ನೆ ಬರುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಪ್ರಸ್ತಾಪದಲ್ಲಿ ಹೇಳಿದ ಅವಧಿಯೊಳಗೆ ಒಪ್ಪಿಗೆ ಬರದಿದ್ದರೆ ಪ್ರಸ್ತಾಪ ಬಿದ್ದುಹೋಗುತ್ತದೆ. ಅವಧಿಯನ್ನೇ ಹೇಳದೆ ಹೋದರೆ ‘ಯುಕ್ತ ಕಾಲ’ ಎಷ್ಟು ಎಂಬ ವಾದಕ್ಕೆ ಬಾಗಿಲು ತೆರೆದಂತೆ.

ಪಾವತಿಯ ಸಾಲಿಗೆ ಉದ್ಯಮ್ ಸಂಖ್ಯೆಯ ಬಲ ಇದೆ. ಕಿರು ಅಥವಾ ಸಣ್ಣ ಉದ್ಯಮವಾಗಿ ನೋಂದಣಿ ಆಗಿದ್ದರೆ, 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಖರೀದಿದಾರ ಲಿಖಿತ ಒಪ್ಪಂದ ಇದ್ದರೂ 45 ದಿನಕ್ಕಿಂತ ಹೆಚ್ಚು ಸಮಯ ತೆಗೆದುಕೊಳ್ಳುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ಇದನ್ನು ಪತ್ರದಲ್ಲಿ ಕಾನೂನಿನ ಭಾಷೆಯಲ್ಲಿ ಬರೆಯಬೇಡಿ, ಮದುವೆ ಮಾತುಕತೆಯಲ್ಲೇ ಜೀವನಾಂಶದ ವಿಷಯ ಎತ್ತಿದ ಹಾಗಾಗುತ್ತದೆ. ಲೆಟರ್‌ಹೆಡ್‌ನಲ್ಲಿ ಸಂಖ್ಯೆ ಇದ್ದರೆ ಫೈನಾನ್ಸ್‌ನವರಿಗೆ ತಾನಾಗಿ ಅರ್ಥವಾಗುತ್ತದೆ.

ನಾಲ್ಕನೇ ಪ್ಯಾರಾ: ಭರವಸೆಗೆ ಆಧಾರ

ಇಲ್ಲಿ ಮೂರೇ ವಾಕ್ಯ ಸಾಕು. ಗುತ್ತಿಗೆದಾರ ಪಿಎಫ್, ಇಎಸ್‌ಐ ಕಟ್ಟದಿದ್ದರೆ ಹೊಣೆ ಮುಖ್ಯ ಮಾಲೀಕರ ಮೇಲೆ, ಅಂದರೆ ಆ ಕಂಪನಿಯ ಮೇಲೆ ಬರುತ್ತದೆ. ಎಚ್‌ಆರ್‌ಗೆ ಅಡುಗೆಯ ರುಚಿಗಿಂತ ಇದರ ಭಯ ಹೆಚ್ಚು.

> ಸಿಬ್ಬಂದಿಯ ಪಿಎಫ್, ಇಎಸ್‌ಐ ಚಲನ್‌ಗಳ ಪ್ರತಿಯನ್ನು ಪ್ರತಿ ತಿಂಗಳ ಬಿಲ್ ಜೊತೆ ಲಗತ್ತಿಸುತ್ತೇವೆ. ಇದೇ ಗಾತ್ರದ ಎರಡು ಕ್ಯಾಂಟೀನ್‌ಗಳ ಸಂಪರ್ಕ ವಿವರ ಪುಟ 14ರಲ್ಲಿದೆ. ನೀವು ಫೋನ್ ಮಾಡಬಹುದು ಎಂದು ಅವರು ಒಪ್ಪಿದ್ದಾರೆ.

ಆ ಕೊನೆಯ ವಾಕ್ಯ ಸುಳ್ಳಾಗಬಾರದು. ಕೇಳದೆ ಹಾಕಿದ ಹೆಸರಿಗೆ ಫೋನ್ ಹೋದಾಗ ‘ನಮಗೆ ಗೊತ್ತಿಲ್ಲವಲ್ಲ’ ಎಂದರೆ ಪ್ರಪೋಸಲ್ ಅಲ್ಲಿಗೇ ಮುಗಿಯಿತು. ದೊಡ್ಡ ಕಂಪನಿಗಳ ಲೋಗೋ ಸಾಲಾಗಿ ಹಾಕುವ ಅಭ್ಯಾಸವನ್ನೂ ಬಿಡಿ. ಅನುಮತಿ ಇಲ್ಲದ ಲೋಗೋ ನೋಡಿದ ಮ್ಯಾನೇಜರ್‌ಗೆ ನಾಳೆ ತಮ್ಮದನ್ನೂ ಹೀಗೇ ಹಾಕುತ್ತಾರೆ ಎಂದು ಹೊಳೆಯುತ್ತದೆ.

ಕೊನೆಯ ಪ್ಯಾರಾ: ಒಂದು ದಿನಾಂಕ

‘ನಿಮ್ಮ ಸಕಾರಾತ್ಮಕ ಪ್ರತಿಕ್ರಿಯೆಗಾಗಿ ಕಾಯುತ್ತಿರುತ್ತೇವೆ’ ಎಂದು ಮುಗಿಸಿದರೆ ಮುಂದಿನ ಹೆಜ್ಜೆ ಅವರ ಮೇಲೆ ಬಿತ್ತು, ಅವರಿಗೆ ನೂರು ಕೆಲಸ. ಹೆಜ್ಜೆಯನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಪೂರ್ತಿ ಗುತ್ತಿಗೆಗೆ ಹೌದು ಎನ್ನುವುದು ಕಷ್ಟ, ಒಂದು ಊಟಕ್ಕೆ ಹೌದು ಎನ್ನುವುದು ಸುಲಭ.

> ಜೂನ್ 25, ಗುರುವಾರ ಕ್ಯಾಂಟೀನ್ ಸಮಿತಿಯ ಸದಸ್ಯರೂ ಸೇರಿ 20 ಜನರಿಗೆ ನಮ್ಮ ಖರ್ಚಿನಲ್ಲಿ ಮಾದರಿ ಊಟ ತರಲು ಸಿದ್ಧರಿದ್ದೇವೆ. ಆ ದಿನ ಅನುಕೂಲವೇ ಎಂದು ಕೇಳಲು ಜೂನ್ 19ರ ಬೆಳಿಗ್ಗೆ 11ಕ್ಕೆ ಫೋನ್ ಮಾಡುತ್ತೇನೆ.

ಕ್ಯಾಂಟೀನ್ ಸಮಿತಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳಿರುತ್ತಾರೆ. ಮುದ್ದೆ ಇದೆಯೋ ಇಲ್ಲವೋ, ಚಪಾತಿ ಎರಡೋ ಮೂರೋ ಎಂದು ತೀರ್ಪು ಹೇಳುವವರು ಅವರೇ. ಅವರನ್ನು ಬಿಟ್ಟು ಆಫೀಸಿನವರಿಗೆ ಮಾತ್ರ ಊಟ ಹಾಕಿದರೆ, ಗುತ್ತಿಗೆ ಸಿಕ್ಕರೂ ಮೊದಲ ವಾರವೇ ತಕರಾರು ಏಳುತ್ತದೆ.

ಫೋನ್ ದಿನವನ್ನು ಹಾಗೇ ಆರಿಸಿದ್ದಲ್ಲ. ಎಚ್‌ಆರ್‌ನವರಿಗೆ ತಿಂಗಳ ಮೊದಲ ವಾರ ಸಂಬಳದ ಗಡಿಬಿಡಿ, 15ರೊಳಗೆ ಪಿಎಫ್, ಇಎಸ್‌ಐ ಕಟ್ಟುವ ಗಡಿಬಿಡಿ. ಅದಕ್ಕೆ ಪತ್ರವನ್ನು 16ಕ್ಕೆ ಕಳಿಸಿ, ಮೂರನೇ ಕೆಲಸದ ದಿನ ಫೋನ್. ಬೆಳಿಗ್ಗೆ ಹನ್ನೊಂದು ಎಂದರೆ ಪಾಳಿಯ ಶುರುವಿನ ಗದ್ದಲ ಮುಗಿದು ಊಟದ ಬಿಡುವು ಇನ್ನೂ ಬಂದಿರದ ಹೊತ್ತು. ಹೇಳಿದ ಹೊತ್ತಿಗೆ ಫೋನ್ ಮಾಡಲೇಬೇಕು. ಮೂರು ಪಾಳಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕುತ್ತೇವೆ ಎನ್ನುವವರು ಒಂದು ಫೋನನ್ನೇ ಮರೆತರೆ ಏನೆನ್ನಬೇಕು?

ಸಹಿ, ಪಿಡಿಎಫ್, ಕಳಿಸುವುದು

ಎಲ್ಲ ಸೇರಿ ಎ4 ಹಾಳೆಯ ಒಂದೇ ಪುಟ ದಾಟಬಾರದು. ದಾಟಿದರೆ ಅಕ್ಷರ ಚಿಕ್ಕದು ಮಾಡಬೇಡಿ, ವಾಕ್ಯ ತೆಗೆಯಿರಿ. ಸಹಿ ಮಾಡುವವರು ದರಕ್ಕೆ ಸಂಸ್ಥೆಯನ್ನು ಬದ್ಧಗೊಳಿಸುವ ಅಧಿಕಾರ ಇರುವವರಾಗಬೇಕು: ಮಾಲೀಕರು, ಪಾಲುದಾರರು, ಇಲ್ಲವೇ ಅಧಿಕಾರಪತ್ರ ಇರುವ ಮ್ಯಾನೇಜರ್. ಮಾರ್ಕೆಟಿಂಗ್ ಹುಡುಗ ಸಹಿ ಹಾಕಿ, ಆಮೇಲೆ ‘ಆ ದರ ಅವನು ಹೇಳಿದ್ದು’ ಎನ್ನುವಂತಿಲ್ಲ.

ಕಳಿಸುವ ಮುಂಚೆ ಪತ್ರದ ಪ್ರತಿ ಅಂಕಿಯನ್ನೂ ಪ್ರಪೋಸಲ್‌ನ ಪುಟದ ಪಕ್ಕ ಇಟ್ಟು ಬೆರಳಿಟ್ಟು ಹೋಲಿಸಿ. ದರ ಕೊನೆಯ ಗಳಿಗೆಯಲ್ಲಿ 74ರಿಂದ 72ಕ್ಕೆ ಇಳಿದಿರುತ್ತದೆ, ಪತ್ರದಲ್ಲಿ ತಿದ್ದಿರುತ್ತೀರಿ, ಪುಟ 9ರ ಪಟ್ಟಿಯಲ್ಲಿ 74 ಉಳಿದಿರುತ್ತದೆ. ಇಂಥ ಕಡೆ ಗಿರಾಕಿ ಕಡಿಮೆ ಅಂಕಿಯನ್ನೇ ಹಿಡಿಯುತ್ತಾರೆ. ಹಿಂದಿನ ಗಿರಾಕಿಯ ಹೆಸರು ಉಳಿದುಹೋಗುವುದು ಇನ್ನೊಂದು ಸಾಮಾನ್ಯ ಅವಘಡ. ಹಳೆಯ ಪತ್ರವನ್ನು ತಿದ್ದಿ ಬರೆದಿದ್ದರೆ ಹಳೆಯ ಕಂಪನಿಯ ಹೆಸರು, ಊರು, ಮ್ಯಾನೇಜರ್ ಹೆಸರು ಮೂರನ್ನೂ ಫೈಲಿನಲ್ಲಿ ಸರ್ಚ್ ಮಾಡಿ. ಪಿಡಿಎಫ್‌ನ ಡಾಕ್ಯುಮೆಂಟ್ ಪ್ರಾಪರ್ಟೀಸ್‌ನಲ್ಲಿರುವ ಶೀರ್ಷಿಕೆಯನ್ನೂ ನೋಡಿ, ಬ್ರೌಸರ್ ಟ್ಯಾಬಿನ ಮೇಲೆ ಅದೇ ಕಾಣಿಸುತ್ತದೆ.

ಇಮೇಲ್‌ನಲ್ಲಿ ಕಳಿಸುವಾಗ ಪತ್ರವನ್ನು ಬೇರೆ ಫೈಲಾಗಿ ಲಗತ್ತಿಸಿ, ಮೇಲ್‌ನಲ್ಲಿ ‘ಲಗತ್ತು ನೋಡಿ’ ಎಂದು ಬರೆದರೆ ಅದನ್ನು ತೆರೆಯುವವರು ಕಡಿಮೆ. ಪತ್ರದ ಪಠ್ಯವನ್ನೇ ಮೇಲ್‌ನ ಒಳಗೆ ಹಾಕಿ, ಸಹಿ ಮಾಡಿದ ಪ್ರತಿಯನ್ನು ಪ್ರಪೋಸಲ್‌ನ ಮೊದಲ ಪುಟವಾಗಿ ಸೇರಿಸಿ ಒಂದೇ ಪಿಡಿಎಫ್ ಮಾಡಿ. ಗಾತ್ರ 5 ಎಂಬಿಯ ಒಳಗಿರಲಿ. ಅಡುಗೆಮನೆಯ ಫೋಟೋಗಳನ್ನು ಕುಗ್ಗಿಸಿದರೆ ಸಾಧ್ಯ. ಜಿಪ್ ಫೈಲನ್ನು ಅನೇಕ ಕಂಪನಿಗಳ ಮೇಲ್ ಸರ್ವರ್ ಒಳಗೇ ಬಿಡುವುದಿಲ್ಲ, ತಡೆದಿದೆ ಎಂಬ ಸುದ್ದಿಯೂ ನಿಮಗೆ ಬರುವುದಿಲ್ಲ. ಫೈಲಿಗೆ ಹೆಸರಿಡುವಾಗ ಅದು ಅವರ ಕಂಪ್ಯೂಟರಿನಲ್ಲಿ ಕೂರುತ್ತದೆ ಎಂಬುದು ನೆನಪಿರಲಿ. `proposal_final_new2.pdf` ಎಂದಿದ್ದರೆ ಯಾರದ್ದೆಂದು ತಿಳಿಯುವುದಿಲ್ಲ. ನಿಮ್ಮ ಸಂಸ್ಥೆಯ ಹೆಸರು, ಘಟಕ, ದಿನಾಂಕ ಮೂರೂ ಇರಲಿ, ಕೊನೆಯ ಭಾಗ `_Canteen_Hebbal_2026-06-16.pdf` ಎನ್ನುವ ಹಾಗೆ.

ಕಳಿಸಿದ ಮೇಲೆ ದರದಲ್ಲೋ ಪುಟದಲ್ಲೋ ತಪ್ಪು ಕಂಡರೆ ಸುಮ್ಮನೆ ಇನ್ನೊಂದು ಪಿಡಿಎಫ್ ಕಳಿಸಬೇಡಿ. ಅವರ ಹತ್ತಿರ ಎರಡು ಫೈಲ್ ಆಗಿ, ಫೈನಾನ್ಸ್‌ಗೆ ಹಳೆಯದೇ ಹೋಗಿರುತ್ತದೆ. ಅದೇ ಮೇಲ್‌ಗೆ ಉತ್ತರವಾಗಿ, ಯಾವ ಪುಟದ ಯಾವ ಅಂಕಿ ಬದಲಾಯಿತು ಎಂದು ಒಂದು ಸಾಲು ಬರೆದು, ಹಿಂದಿನ ಪ್ರತಿ ರದ್ದು ಎಂದು ಸ್ಪಷ್ಟವಾಗಿ ಹೇಳಿ ಹೊಸದನ್ನು ಲಗತ್ತಿಸಿ, ಆಮೇಲೆ ಒಂದು ಫೋನನ್ನೂ ಮಾಡಿ.